ಸಂಗೀತ ಶಾಲೆಯ ಅರ್ಜಿಯಲ್ಲಿ ಆ ಒಂದು ಪುಟ: ಬಾರಿಸಿ ತೋರಿಸಲು ಆಗುವಷ್ಟನ್ನೇ ಬರೆಯುವುದು ಹೇಗೆ

ಸಂಗೀತ, ನೃತ್ಯ, ನಾಟಕದ ಶಾಲೆಗಳ ಅರ್ಜಿಯಲ್ಲಿ ಹೆಸರು, ವಿಳಾಸ, ಮಾರ್ಕ್ಸ್ ಕಾರ್ಡ್ ಎಲ್ಲ ಮುಗಿದ ಮೇಲೆ ಒಂದು ಖಾಲಿ ಜಾಗ ಬರುತ್ತದೆ. ನಿಮ್ಮ ಅಭ್ಯಾಸ ಹೇಗೆ ನಡೆಯುತ್ತದೆ, ಯಾರ ಪ್ರಭಾವ ಇದೆ, ಮುಂದೆ ಯಾವ ದಾರಿ ಹಿಡಿಯಬೇಕು ಅಂತಿದ್ದೀರಿ, ಬರೆಯಿರಿ ಅನ್ನುತ್ತಾರೆ. ಹತ್ತು ವರ್ಷ ಕಲಿತವರೂ ಇಲ್ಲಿ ತಡವರಿಸುತ್ತಾರೆ. ಕೊನೆಗೆ ಸನ್ಮಾನಪತ್ರದ ಭಾಷೆಯಲ್ಲಿ ಏನೋ ಒಂದು ಬರೆದು ಕಳಿಸಿಬಿಡುತ್ತಾರೆ.

ಈ ಪುಟವನ್ನು ಓದುವವರು ಸಂಗೀತಗಾರರು ಅನ್ನುವುದನ್ನು ಮೊದಲು ನೆನಪಿಡಿ. ಅವರು ನಿಮ್ಮ ರೆಕಾರ್ಡಿಂಗ್ ಕೇಳಿರುತ್ತಾರೆ, ಇಲ್ಲವೇ ಸ್ವಲ್ಪ ದಿನದಲ್ಲಿ ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ. ನೀವು ಬರೆದಿದ್ದಕ್ಕೂ ಬಾರಿಸಿದ್ದಕ್ಕೂ ತಾಳೆ ಇದೆಯಾ ಅಂತ ನೋಡುತ್ತಾರೆ. ಹಾಗಾಗಿ ಪುಟದ ಪ್ರತಿ ಸಾಲಿಗೂ ಒಂದೇ ಪರೀಕ್ಷೆ: ಎದುರಿಗೆ ಕೂತವರು "ಎಲ್ಲಿ, ಬಾರಿಸಿ ನೋಡೋಣ" ಅಂದರೆ ಆ ಸಾಲು ನಿಲ್ಲುತ್ತಾ?

ಉದಾಹರಣೆಗೆ ಒಬ್ಬ ಹುಡುಗಿಯನ್ನು ಇಟ್ಟುಕೊಳ್ಳೋಣ. ಮೈಸೂರಿನವಳು, ಬಿ.ಕಾಂ. ಕೊನೇ ವರ್ಷ. ಪಿಟೀಲು ಕಲಿಯುತ್ತಿದ್ದಾಳೆ, ಸೀನಿಯರ್ ಪರೀಕ್ಷೆ ಮುಗಿದಿದೆ. ಈಗ ಪೂರ್ಣಾವಧಿ ಸಂಗೀತದ ಕೋರ್ಸಿಗೆ ಅರ್ಜಿ ಹಾಕಬೇಕು. ಅವಳ ಮೊದಲ ಕರಡು ಹೀಗಿರುತ್ತದೆ ಅಂದುಕೊಳ್ಳಿ:

"ಬಾಲ್ಯದಿಂದಲೇ ನನಗೆ ಸಂಗೀತದಲ್ಲಿ ಅಪಾರ ಆಸಕ್ತಿ. ಸಂಗೀತವೇ ನನ್ನ ಉಸಿರು. ಪ್ರತಿದಿನ ಆರು ಗಂಟೆ ಕಠಿಣ ಸಾಧನೆ ಮಾಡುತ್ತೇನೆ. ಚೌಡಯ್ಯ, ಲಾಲ್ಗುಡಿ ಜಯರಾಮನ್, ಎಂ.ಎಸ್. ಗೋಪಾಲಕೃಷ್ಣನ್ ಮುಂತಾದ ಮಹಾನ್ ವಿದ್ವಾಂಸರಿಂದ ಪ್ರಭಾವಿತಳಾಗಿದ್ದೇನೆ. ನಮ್ಮ ಸಂಗೀತವನ್ನು ಜಗತ್ತಿನ ಮೂಲೆ ಮೂಲೆಗೂ ತಲುಪಿಸುವುದೇ ನನ್ನ ಗುರಿ."

ಹೆಸರುಗಳನ್ನು ಬದಲಾಯಿಸಿದರೆ ಇದು ಮೃದಂಗದ ಹುಡುಗನ ಅರ್ಜಿಯೂ ಆಗುತ್ತದೆ, ಭರತನಾಟ್ಯದ ಹುಡುಗಿಯ ಅರ್ಜಿಯೂ ಆಗುತ್ತದೆ. ಇನ್ನು ಆ ಆರು ಗಂಟೆ. ಬಿ.ಕಾಂ. ಓದುತ್ತಾ ದಿನಕ್ಕೆ ಆರು ಗಂಟೆ ಪಿಟೀಲು ಹಿಡಿಯಲು ಆಗುವುದಿಲ್ಲ ಅಂತ ಓದುವವರಿಗೆ ಗೊತ್ತು. "ಆ ಆರು ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಏನು ಬಾರಿಸ್ತೀಯಮ್ಮ?" ಅಂತ ಒಬ್ಬರು ಕೇಳಿದರೆ ಸಾಕು, ಮಾತು ನಿಂತುಹೋಗುತ್ತದೆ.

ಮೊದಲ ಹೆಜ್ಜೆ: ಎರಡು ವಾರ ನೋಟ್‌ಬುಕ್ ಇಡಿ

ಅರ್ಜಿ ಬರೆಯಲು ಕೂರುವ ಮೊದಲು ಎರಡು ವಾರ ಅಭ್ಯಾಸದ ಲೆಕ್ಕ ಬರೆದಿಡಿ. ಎಷ್ಟು ಹೊತ್ತಿಗೆ ಶುರು, ಏನು ಬಾರಿಸಿದ್ದು, ಎಲ್ಲಿ ತಡೆಯಿತು, ಇಷ್ಟೇ. ಈ ಎರಡು ವಾರ ಜಾಸ್ತಿ ಅಭ್ಯಾಸ ಮಾಡಲು ಹೋಗಬೇಡಿ. ಎಂದಿನಂತೆ ನಡೆದುದನ್ನೇ ಬರೆಯಿರಿ. ನಮ್ಮ ಹುಡುಗಿಯ ನೋಟ್‌ಬುಕ್ ಹೀಗಿರಬಹುದು:

"ಸೋಮವಾರ, ಬೆಳಿಗ್ಗೆ 5.45ರಿಂದ 7. ಶ್ರುತಿ ಸೇರಿಸಲು ಹತ್ತು ನಿಮಿಷ. ಉದ್ದ ಕಮಾನು, ನಾಲ್ಕೂ ತಂತಿ. ಜಂಟಿ ವರಸೆ ಮೂರು ಕಾಲ. ಮೂರನೇ ಕಾಲದಲ್ಲಿ ಜಂಟಿಯ ಎರಡನೇ ಸ್ವರಕ್ಕೆ ಒತ್ತು ಬೀಳುತ್ತಿಲ್ಲ. ಭೈರವಿ ವರ್ಣ, ಒಂದನೇ ಕಾಲ ಮಾತ್ರ."

"ಬುಧವಾರ. ಇಂಟರ್ನಲ್ಸ್. ಮುಟ್ಟಲಿಲ್ಲ."

"ಗುರುವಾರ ಸಂಜೆ, 40 ನಿಮಿಷ. ಕ್ಲಾಸಿಗೆ ಬೇಕಾದ ಕೃತಿ. ಸುಮ್ನೆ ಮೊದಲಿಂದ ಕೊನೆಯವರೆಗೆ ಬಾರಿಸಿದ್ದಷ್ಟೇ."

ಎರಡು ವಾರ ಆದ ಮೇಲೆ ಇದನ್ನು ಒಟ್ಟಿಗೆ ಓದಿ. ಮೂರು ವಿಷಯ ಕಾಣುತ್ತವೆ. ಒಂದು, ನಿಜವಾದ ಹೊತ್ತು ಎಷ್ಟು ಅನ್ನುವುದು. ಎರಡು, ಯಾವುದನ್ನು ನೀವು ತಪ್ಪದೆ ಮಾಡುತ್ತೀರಿ ಅನ್ನುವುದು. ಮೂರನೆಯದೇ ಮುಖ್ಯ: ಯಾವುದನ್ನು ಮುಟ್ಟುವುದೇ ಇಲ್ಲ ಅನ್ನುವುದು. ಈ ಹುಡುಗಿಯ ನೋಟ್‌ಬುಕ್ಕಿನಲ್ಲಿ ಎರಡು ವಾರವೂ ಆಲಾಪನೆ ಅನ್ನುವ ಮಾತೇ ಇಲ್ಲ ಅಂದುಕೊಳ್ಳಿ. ವರಸೆ ಇದೆ, ವರ್ಣ ಇದೆ, ಕೃತಿ ಇದೆ. ಕಲಿಸಿದ್ದನ್ನೆಲ್ಲ ಬಾರಿಸುತ್ತಾಳೆ, ತಾನಾಗಿ ಕಟ್ಟಬೇಕಾದ್ದನ್ನು ಬಿಡುತ್ತಾಳೆ. ಈ ಖಾಲಿ ಜಾಗ ಅರ್ಜಿಯ ಕೊನೇ ಭಾಗದಲ್ಲಿ ಕೆಲಸಕ್ಕೆ ಬರುತ್ತದೆ, ಹಾಗೇ ಇಟ್ಟುಕೊಳ್ಳಿ.

ಅಭ್ಯಾಸದ ಪ್ಯಾರಾ

ನೋಟ್‌ಬುಕ್ ನೋಡಿಕೊಂಡು ಅಭ್ಯಾಸದ ಪ್ಯಾರಾ ಬರೆಯಿರಿ. ಹೊತ್ತಿಗೆ ಒಂದು ಸಾಲು, ಕ್ರಮಕ್ಕೆ ಒಂದು ಸಾಲು ಸಾಕು. ಉಳಿದ ಜಾಗವನ್ನು ಈಗ ಕೆಲಸ ನಡೆಯುತ್ತಿರುವ ಒಂದೇ ಒಂದು ತೊಂದರೆಗೆ ಕೊಡಿ. ಹೀಗೆ:

"ವಾರದ ದಿನಗಳಲ್ಲಿ ಬೆಳಿಗ್ಗೆ ಒಂದೂಕಾಲು ಗಂಟೆ ಅಭ್ಯಾಸ ಮಾಡುತ್ತೇನೆ. ಭಾನುವಾರ ಮೂರು ಗಂಟೆ ಸಿಗುತ್ತದೆ. ಕಾಲೇಜು ಪರೀಕ್ಷೆ ಇದ್ದಾಗ ಇದು ಅರ್ಧಕ್ಕೆ ಇಳಿಯುತ್ತದೆ. ಉದ್ದ ಕಮಾನು, ಜಂಟಿ ವರಸೆ ಆದ ಮೇಲೆ ಭೈರವಿ ಅಟ್ಟತಾಳ ವರ್ಣ ತೆಗೆದುಕೊಳ್ಳುತ್ತೇನೆ. ಒಂದನೇ ಕಾಲದಲ್ಲಿ ಗಮಕ ಸರಿಯಾಗಿ ಬರುತ್ತದೆ. ಎರಡನೇ ಕಾಲದಲ್ಲಿ ಗಾಂಧಾರ, ನಿಷಾದಗಳು ಚಪ್ಪಟೆಯಾಗುತ್ತವೆ. ಅದಕ್ಕೆ ಈಗ ಒಂದೊಂದು ಆವರ್ತವನ್ನು ಮೊದಲು ಹಾಡಿ, ಆಮೇಲೆ ಬಾರಿಸುತ್ತಿದ್ದೇನೆ."

ಇದು ಯಾಕೆ ನಿಲ್ಲುತ್ತದೆ ಅಂತ ಸ್ವಲ್ಪ ಬಿಡಿಸಿ ನೋಡೋಣ. ಅಟ್ಟತಾಳದ ವರ್ಣದಲ್ಲಿ ಒಂದು ಆವರ್ತಕ್ಕೆ 14 ಅಕ್ಷರ. ಎರಡನೇ ಕಾಲಕ್ಕೆ ಹೋದಾಗ ತಾಳದ ನಡೆ ಅದೇ ಇರುತ್ತದೆ, ಅಷ್ಟೇ ಹೊತ್ತಿನಲ್ಲಿ ಎರಡರಷ್ಟು ಸ್ವರ ಬರಬೇಕು. ಬೆರಳಿಗೆ ತೂಗಲು ಸಮಯ ಸಿಗುವುದಿಲ್ಲ. ಆಗ ಸ್ವರ ಜಾಗಕ್ಕೆ ಸರಿಯಾಗಿ ಬಿದ್ದರೂ ಭೈರವಿ ಕಾಣುವುದಿಲ್ಲ, ಹಾರ್ಮೋನಿಯಂ ಮನೆ ಒತ್ತಿದ ಹಾಗೆ ಕೇಳುತ್ತದೆ. ಪಿಟೀಲು ಕಲಿಸುವ ಯಾರಿಗೇ ಆದರೂ ಇದು ದಿನನಿತ್ಯ ಕೇಳುವ ತೊಂದರೆ. ಅದನ್ನು ಹುಡುಗಿ ತಾನೇ ಹಿಡಿದಿದ್ದಾಳೆ ಅಂದರೆ ಅವಳ ಕಿವಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಆರು ಗಂಟೆ ಅಂತ ಬರೆದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ನಿಮ್ಮಲ್ಲಿ ಅಂಥ ತೊಂದರೆ ಯಾವುದು ಅಂತ ಗೊತ್ತಾಗದಿದ್ದರೆ, ಫೋನಿನಲ್ಲಿ ವರ್ಣದ ಎರಡನೇ ಕಾಲವನ್ನು ರೆಕಾರ್ಡ್ ಮಾಡಿ, ಅರ್ಧ ವೇಗದಲ್ಲಿ ಹಾಕಿ ಕೇಳಿ. ಗಮಕ ಇರಬೇಕಾದ ಕಡೆ ಬರೀ ನಿಂತ ಸ್ವರ ಇದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಹಾಡುವವರೂ ಇದನ್ನೇ ಮಾಡಬಹುದು.

ಪ್ರಾಮಾಣಿಕತೆಗೂ ಒಂದು ಅಳತೆ ಇದೆ. ಶ್ರುತಿ ಸೇರುವುದಿಲ್ಲ, ತಾಳ ತಪ್ಪುತ್ತದೆ ಅಂತ ಬರೆದರೆ ಅದು ಆ ಕೋರ್ಸಿಗೆ ನೀವು ಇನ್ನೂ ಸಿದ್ಧರಿಲ್ಲ ಅಂತ ನೀವೇ ಹೇಳಿದ ಹಾಗೆ. ಆ ತೊಂದರೆ ಇದ್ದರೆ ಮೊದಲು ಸರಿಮಾಡಿಕೊಳ್ಳಿ, ಅರ್ಜಿ ಆಮೇಲೆ. ಇನ್ನೊಂದು ತುದಿಯಲ್ಲಿ "ನನಗೆ ಎಷ್ಟು ಅಭ್ಯಾಸ ಮಾಡಿದರೂ ತೃಪ್ತಿಯೇ ಆಗುವುದಿಲ್ಲ, ಅದೇ ನನ್ನ ದೌರ್ಬಲ್ಯ" ಅನ್ನುವ ಸಾಲು. ದಯವಿಟ್ಟು ಬೇಡ. ಮಣಿಕಟ್ಟಿನ ನೋವು, ಮನೆಯ ಕಷ್ಟ, ಏನೋ ಕಾರಣಕ್ಕೆ ಕೆಲವು ತಿಂಗಳು ಅಭ್ಯಾಸ ನಿಂತಿದ್ದರೆ ಒಂದೇ ಸಾಲಿನಲ್ಲಿ ಹೇಳಿ, ಮತ್ತೆ ಶುರು ಮಾಡಿದಾಗ ಯಾವುದರಿಂದ ಶುರು ಮಾಡಿದಿರಿ ಅನ್ನುವುದನ್ನೂ ಸೇರಿಸಿ.

ಪ್ರಭಾವ: ಹೆಸರಿನ ಮುಂದೆ ಒಂದು ಕೆಲಸ ಇರಲಿ

ಪ್ರಭಾವದ ಪ್ಯಾರಾದಲ್ಲಿ ಎಲ್ಲರೂ ದೊಡ್ಡ ಹೆಸರುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಓದುವವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಕೆಲವೊಮ್ಮೆ ನೀವು ಸರಿಯಾಗಿ ಕೇಳಿಲ್ಲ ಅನ್ನುವುದು ತಿಳಿದುಬಿಡುತ್ತದೆ. ಮೇಲಿನ ಕರಡಿನ ಮೂರು ಹೆಸರುಗಳನ್ನೇ ನೋಡಿ. ಪಿಟೀಲು ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕ್ ಇಲ್ಲದ ಸಭೆಯಲ್ಲೂ ಪಿಟೀಲು ಕೇಳಬೇಕು ಅಂತ ಏಳು ತಂತಿಯ ವಾದ್ಯ ಮಾಡಿಕೊಂಡವರು. ಲಾಲ್ಗುಡಿಯವರ ದಾರಿ ಗಾಯಕಿ ಶೈಲಿಯದು, ಅಂದರೆ ಹಾಡಿದ ಹಾಗೆ ಬಾರಿಸುವುದು. ಎಂ.ಎಸ್.ಜಿ. ಪರೂರು ಬಾನಿಯವರು, ಒಂದೇ ಬೆರಳಿನಲ್ಲಿ ತಂತಿಯ ಉದ್ದಕ್ಕೂ ಓಡುವ ಕೈಚಳಕಕ್ಕೆ ಹೆಸರಾದವರು. ಮೂರು ಬೇರೆ ಬೇರೆ ದಾರಿಗಳು ಇವು. "ಮೂವರ ಪ್ರಭಾವವೂ ಇದೆ" ಅಂದರೆ "ಯಾರಿಂದ ಏನು ತಗೊಂಡೆ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಒಂದು ಹೆಸರು ಸಾಕು, ಹೆಚ್ಚೆಂದರೆ ಎರಡು. ಪ್ರತಿ ಹೆಸರಿನ ಮುಂದೆಯೂ, ಅವರನ್ನು ಕೇಳಿದ ಮೇಲೆ ನಿಮ್ಮ ಕೈಯಲ್ಲಿ ಏನು ಬದಲಾಯಿತು ಅನ್ನುವುದು ಇರಬೇಕು. ನಮ್ಮ ಹುಡುಗಿ ಲಾಲ್ಗುಡಿಯವರನ್ನು ಉಳಿಸಿಕೊಂಡಳು ಅಂತಿಟ್ಟುಕೊಳ್ಳಿ. ಅವಳು ನಿಜಕ್ಕೂ ಕಲಿತದ್ದು ಕಮಾನು ಬದಲಾಯಿಸುವ ಜಾಗ. ವ್ಯಾಸರಾಯರ "ಕೃಷ್ಣಾ ನೀ ಬೇಗನೆ ಬಾರೋ" ಬಾರಿಸುವಾಗ ಮೊದಲು ಅವಳು ಕಮಾನು ಮುಗಿದ ಕಡೆ ತಿರುಗಿಸುತ್ತಿದ್ದಳು. ಅದು "ಬೇಗನೆ" ಪದದ ಮಧ್ಯೆ ಬೀಳುತ್ತಿತ್ತು. ಸ್ವರ ಸರಿ, ತಾಳ ಸರಿ, ಆದರೆ ಕೇಳುವವರಿಗೆ "ಬೇ" ಒಂದು ಕಡೆ, "ಗನೆ" ಇನ್ನೊಂದು ಕಡೆ. ಸಾಹಿತ್ಯ ಗೊತ್ತಿರುವ ಕನ್ನಡದ ಕಿವಿಗೆ ಇದು ತಕ್ಷಣ ಚುಚ್ಚುತ್ತದೆ. ಈಗ ಅವಳು ಪುಸ್ತಕದಲ್ಲಿ ಸಾಹಿತ್ಯದ ಕೆಳಗೆ ಪೆನ್ಸಿಲ್ಲಿನಿಂದ ಕಮಾನಿನ ಗುರುತು ಹಾಕಿಕೊಂಡು, ಪದ ಮುಗಿದ ಕಡೆ ಮಾತ್ರ ತಿರುಗಿಸುತ್ತಾಳೆ. ಅರ್ಜಿಯಲ್ಲಿ ಇದು ಎರಡೇ ಸಾಲು:

"ಲಾಲ್ಗುಡಿಯವರ ವಾದನವನ್ನು ಸಾಹಿತ್ಯ ಮುಂದಿಟ್ಟುಕೊಂಡು ಕೇಳಿದ ಮೇಲೆ, ಕಮಾನನ್ನು ಪದಕ್ಕೆ ಹೊಂದಿಸಿ ತಿರುಗಿಸಲು ಶುರು ಮಾಡಿದೆ. ಮಧ್ಯಮ ಕಾಲದ ಕೃತಿಗಳಲ್ಲಿ ಇದು ಇನ್ನೂ ಪೂರ್ತಿ ಕೈಗೆ ಬಂದಿಲ್ಲ."

"ಎಲ್ಲಿ, ಬಾರಿಸಿ" ಅಂದರೆ ಬಾರಿಸಬಹುದು, ಅಲ್ವಾ?

ಪ್ರಭಾವ ಅಂದರೆ ಪದ್ಮಭೂಷಣ ಬಂದವರೇ ಆಗಬೇಕು ಅಂತೇನಿಲ್ಲ. ನಿಮ್ಮ ಮೇಷ್ಟ್ರು ಸರಳೆ ವರಸೆಯನ್ನೇ ವರ್ಷಗಟ್ಟಲೆ ಬಿಡದೆ ಬಾರಿಸಿಸಿದ್ದರೆ ಅದನ್ನು ಬರೆಯಿರಿ. ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಜೊತೆ ಸಿನಿಮಾ ಹಾಡು ಬಾರಿಸಿದ್ದನ್ನು ಹಲವರು ಮುಚ್ಚಿಡುತ್ತಾರೆ. ಮುಚ್ಚಿಡಬೇಡಿ. ಹಾಡುವವರು ಕೊನೇ ಕ್ಷಣದಲ್ಲಿ ಶ್ರುತಿ ಬದಲಾಯಿಸಿದಾಗ ಅಲ್ಲೇ ಹಿಡಿದು ಬಾರಿಸುವುದು ನೀವು ಕಲಿತಿದ್ದು ಅಲ್ಲೇ ಅಲ್ವಾ? ಪಕ್ಕವಾದ್ಯಕ್ಕೆ ಬೇಕಾದ ಚುರುಕು ಅದು.

ಗುರುಗಳನ್ನು ಬದಲಾಯಿಸಿದ ವಿಷಯ ನಮ್ಮಲ್ಲಿ ಸ್ವಲ್ಪ ನಾಜೂಕು. ಮೊದಲಿನ ಗುರುಗಳ ಹೆಸರು ಬಿಟ್ಟು ಬರೆಯುವವರಿದ್ದಾರೆ. ಸಂಗೀತದ ಊರು ಸಣ್ಣದು. ಓದುವವರಿಗೆ ಅವರು ಪರಿಚಯದವರೇ ಆಗಿರಬಹುದು, ನಿಮ್ಮ ಬೆರಳಿನಲ್ಲೂ ಅವರ ಪಾಠ ಕಾಣುತ್ತದೆ. ಯಾರ ಹತ್ತಿರ ಏನು ಪಾಠ ಆಯಿತು ಅನ್ನುವುದನ್ನು ಕ್ರಮವಾಗಿ ಬರೆಯಿರಿ. ಯಾಕೆ ಬಿಟ್ಟಿರಿ ಅನ್ನುವ ಕಥೆ ಬೇಕಿಲ್ಲ.

ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಇದ್ದುಕೊಂಡು ಬೆಂಗಳೂರಿನ ಗುರುಗಳ ಹತ್ತಿರ ವಿಡಿಯೋದಲ್ಲಿ ಕಲಿಯುವ ನಮ್ಮವರ ಮಕ್ಕಳೂ ಈಗ ಅರ್ಜಿ ಹಾಕುತ್ತಾರೆ. ಅವರು ಅದನ್ನು ನೇರವಾಗಿ ಹೇಳುವುದು ಒಳ್ಳೆಯದು. ಆನ್‌ಲೈನಿನಲ್ಲಿ ಧ್ವನಿ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ಬಾರಿಸಲು ಆಗುವುದಿಲ್ಲ. ಶಿಷ್ಯರು ಬಾರಿಸಬೇಕು, ಗುರುಗಳು ಕೇಳಿ ತಿದ್ದಬೇಕು. ಇದರಿಂದ ಒಬ್ಬರೇ ತಾಳ ಹಿಡಿದು ಬಾರಿಸುವ ಅಭ್ಯಾಸ ಗಟ್ಟಿಯಾಗುತ್ತದೆ, ಇನ್ನೊಬ್ಬರ ಜೊತೆ ಸೇರಿ ಬಾರಿಸುವ ಅಭ್ಯಾಸ ಕಡಿಮೆ ಇರುತ್ತದೆ. ಇವೆರಡನ್ನೂ ಬರೆದರೆ, ಶಾಲೆಗೆ ಯಾಕೆ ಬರಬೇಕು ಅನ್ನುವುದಕ್ಕೆ ಉತ್ತರವೂ ಅಲ್ಲೇ ಸಿಕ್ಕಿತು.

ಮುಂದಿನ ದಾರಿ

ಇಲ್ಲಿಗೆ ಬಂದಾಗ ನೋಟ್‌ಬುಕ್ಕಿನ ಆ ಖಾಲಿ ಜಾಗವನ್ನು ತೆಗೆಯಿರಿ. "ಜಗತ್ತಿನ ಮೂಲೆ ಮೂಲೆಗೆ" ಅನ್ನುವುದನ್ನು ಹೊಡೆದುಹಾಕಿ, ಬದಲಿಗೆ ಇದನ್ನು ಕೇಳಿಕೊಳ್ಳಿ: ಈ ಕೋರ್ಸ್ ಮುಗಿದ ದಿನ ಒಂದು ಗಂಟೆಯ ಕಚೇರಿಯಲ್ಲಿ ನಾನು ಎಲ್ಲಿ ಕೂತಿರಬೇಕು, ಏನು ಬಾರಿಸುತ್ತಿರಬೇಕು?

ನಮ್ಮ ಹುಡುಗಿಗೆ ತನಿ ಕಚೇರಿಗಿಂತ ಹಾಡುವವರ ಪಕ್ಕದಲ್ಲಿ ಕೂರುವ ಆಸೆ ಇದೆ ಅಂದುಕೊಳ್ಳಿ. ಹಾಗಿದ್ದರೆ ಆಲಾಪನೆ ಇಲ್ಲದ ಅಭ್ಯಾಸದಿಂದ ಆಗುವುದಿಲ್ಲ. ಹಾಡುವವರು ರಾಗ ಶುರು ಮಾಡಿದಾಗ ಪಿಟೀಲಿನವರು ನೆರಳಿನ ಹಾಗೆ ಹಿಂದೆಯೇ ಹೋಗಬೇಕು, ಆಮೇಲೆ ತಮ್ಮ ಸರದಿ ಬಂದಾಗ ಅದೇ ರಾಗವನ್ನು ತಾವೇ ಕಟ್ಟಬೇಕು. ಕಲ್ಪನಾಸ್ವರದಲ್ಲಿ ಹಾಡುವವರು ಒಂದು ಲೆಕ್ಕ ಹಾಕಿ ಮುಗಿಸಿದರೆ, ಅದನ್ನು ಕೇಳಿದ ತಕ್ಷಣ ಉತ್ತರ ಕೊಡಬೇಕು. ಯಾವುದೂ ಮೊದಲೇ ಪಾಠ ಮಾಡಿಕೊಂಡು ಬಂದು ಬಾರಿಸುವಂಥದ್ದಲ್ಲ. ಆಗ ಅವಳ ಪ್ಯಾರಾ ಹೀಗಾಗುತ್ತದೆ:

"ನಾನು ಪಕ್ಕವಾದ್ಯ ನುಡಿಸುವವಳಾಗಬೇಕು. ಇಲ್ಲಿಯವರೆಗೆ ಪಾಠ ಆದದ್ದನ್ನು ಬಾರಿಸುವುದರಲ್ಲೇ ನನ್ನ ಅಭ್ಯಾಸ ಮುಗಿಯುತ್ತಿತ್ತು. ಕಲ್ಯಾಣಿ, ಮೋಹನಗಳಲ್ಲಿ ಮೂರು ನಾಲ್ಕು ನಿಮಿಷ ಆಲಾಪನೆ ಮಾಡಬಲ್ಲೆ, ಆಮೇಲೆ ಅದೇ ಸಂಚಾರಗಳು ಮರಳಿ ಬರುತ್ತವೆ. ನನಗೆ ಪಾಠ ಆಗದ ರಾಗವನ್ನು ಯಾರಾದರೂ ಹಾಡಿದಾಗ ಹಿಂದೆ ಹೋಗುವುದು ಕಷ್ಟವಾಗುತ್ತದೆ. ದಿನವೂ ಹಾಡುವವರ ಜೊತೆ ಕೂರುವ ಅವಕಾಶ ಮನೆಯಲ್ಲಿ ಸಿಗುವುದಿಲ್ಲ. ಅದಕ್ಕಾಗಿಯೇ ಈ ಕೋರ್ಸಿಗೆ ಬರುತ್ತಿದ್ದೇನೆ."

ಇದನ್ನು ಬರೆದ ಮೇಲೆ ಆ ಶಾಲೆಯ ಪಠ್ಯಕ್ರಮ ತೆಗೆದು ನೋಡಿ. ಪಕ್ಕವಾದ್ಯದ ಪಾಠ, ಗಾಯನದ ವಿದ್ಯಾರ್ಥಿಗಳ ಜೊತೆ ಕೂತು ಬಾರಿಸುವ ತರಗತಿ ಅಲ್ಲಿ ಇದೆಯಾ? ಇದ್ದರೆ ಅದರ ಹೆಸರು ಹಿಡಿದು ಒಂದು ಸಾಲು ಸೇರಿಸಿ. ಇಲ್ಲದಿದ್ದರೆ ಆ ಶಾಲೆ ನಿಮಗೆ ಸರಿಯಾ ಅಂತ ಯೋಚಿಸಬೇಕಾದವರು ನೀವು. "ನಿಮ್ಮ ಪ್ರತಿಷ್ಠಿತ ಸಂಸ್ಥೆ" ಅನ್ನುವ ಮಾತಂತೂ ಎಲ್ಲೂ ಬೇಡ.

ದಾರಿ ಇನ್ನೂ ಗೊತ್ತಾಗಿಲ್ಲ ಅನ್ನುವವರು ಹಾಗಂತಲೇ ಬರೆಯಬಹುದು, ಆದರೆ ಯಾವ ಎರಡರ ನಡುವೆ ಅನ್ನುವುದನ್ನು ಹೇಳಬೇಕು. "ತನಿ ವಾದನವಾ, ಪಕ್ಕವಾದ್ಯವಾ ಅನ್ನುವುದು ನನಗೆ ಇನ್ನೂ ತೀರ್ಮಾನ ಆಗಿಲ್ಲ" ಅನ್ನುವುದು ಒಳ್ಳೆಯ ಸಾಲು. "ಸಂಗೀತ ಕರೆದುಕೊಂಡು ಹೋದ ಕಡೆ ಹೋಗುತ್ತೇನೆ" ಅನ್ನುವುದು ಅಲ್ಲ.

ನಾಟಕದ ಶಾಲೆಗೆ ಬರೆಯುವವರು

ರಂಗಶಿಕ್ಷಣಕ್ಕೆ ಅರ್ಜಿ ಹಾಕುವವರಿಗೆ ವರಸೆ, ವರ್ಣ ಇರುವುದಿಲ್ಲ. 1980ರಿಂದ ಕನ್ನಡದಲ್ಲೇ ರಂಗಶಿಕ್ಷಣ ಕೊಡುತ್ತಿರುವ ಹೆಗ್ಗೋಡಿನ ನೀನಾಸಂ ಇರಲಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಇರಲಿ, ನಿಮ್ಮ ಅಭ್ಯಾಸ ಅಂದರೆ ನೀವು ಮಾತು ಹೇಗೆ ಬಾಯಿಪಾಠ ಮಾಡುತ್ತೀರಿ, ದನಿಗೆ ಮತ್ತು ಮೈಗೆ ಏನು ಮಾಡುತ್ತೀರಿ ಅನ್ನುವುದು. ಪಾತ್ರದ ಪಟ್ಟಿ ಕೊಡುವ ಬದಲು ಒಂದೇ ಪಾತ್ರ ತೆಗೆದುಕೊಳ್ಳಿ. ಮೊದಲ ತಾಲೀಮಿನಲ್ಲಿ ಒಂದು ಮಾತನ್ನು ಹೇಗೆ ಹೇಳುತ್ತಿದ್ದಿರಿ, ಪ್ರದರ್ಶನದ ಹೊತ್ತಿಗೆ ಅದು ಹೇಗಾಯಿತು, ಯಾಕೆ ಬದಲಾಯಿತು ಅನ್ನುವುದನ್ನು ಬರೆಯಿರಿ. ತೆರೆಯ ಹಿಂದೆ ಲೈಟಿಗೋ ಪರಿಕರಕ್ಕೋ ಓಡಾಡಿದ್ದರೆ ಅದನ್ನೂ ಸೇರಿಸಿ. ಆ ಮಾತನ್ನು ಸಂದರ್ಶನದಲ್ಲಿ ಎರಡೂ ಥರ ಹೇಳಿ ತೋರಿಸಲು ಬರಬೇಕು.

ಕಳಿಸುವ ಮೊದಲು

ಪದಮಿತಿ ಎಷ್ಟಿದೆಯೋ ಅಷ್ಟರಲ್ಲೇ ಮುಗಿಸಿ. ಜಾಗ ಸಾಲದಿದ್ದರೆ ಬಾಲ್ಯದ ಕಥೆಯನ್ನು ಮೊದಲು ತೆಗೆಯಿರಿ, ಆಮೇಲೆ ಬಹುಮಾನಗಳನ್ನು. ಅವು ಅರ್ಜಿಯ ಬೇರೆ ಕಾಲಂನಲ್ಲಿ ಹೇಗೂ ಇರುತ್ತವೆ. ಇಂಗ್ಲಿಷಿನಲ್ಲಿ ಬರೆಯಬೇಕಿದ್ದರೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ, ಆಮೇಲೆ ಸಣ್ಣ ಸಣ್ಣ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿ. ಬೇರೆಯವರಿಂದ ಬರೆಸಿದರೆ ಸನ್ಮಾನಪತ್ರದ ಭಾಷೆ ಹಿಂಬಾಗಿಲಿನಿಂದ ವಾಪಸ್ ಬರುತ್ತದೆ. ವಿದೇಶದ ಶಾಲೆಯಾದರೆ ಓದುವವರಿಗೆ ವರ್ಣ, ಗಮಕ ಗೊತ್ತಿರಲಿಕ್ಕಿಲ್ಲ. ಮೊದಲ ಸಲ ಬಂದ ಕಡೆ ಅರ್ಧ ಸಾಲಿನಲ್ಲಿ ವಿವರಿಸಿ ಮುಂದೆ ಹೋಗಿ. ನಮ್ಮ ಸಂಗೀತದ ಇತಿಹಾಸ ಹೇಳುತ್ತಾ ಕೂರಬೇಡಿ.

ಆಮೇಲೆ ಪುಟವನ್ನೂ ರೆಕಾರ್ಡಿಂಗನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿ. ಎರಡನೇ ಕಾಲದಲ್ಲಿ ಗಮಕ ಸರಿಮಾಡುತ್ತಿದ್ದೇನೆ ಅಂತ ಬರೆದು, ರೆಕಾರ್ಡಿಂಗಿನಲ್ಲಿ ವರ್ಣದ ಒಂದನೇ ಕಾಲ ಮಾತ್ರ ಹಾಕಿದ್ದರೆ ಮುಚ್ಚಿಟ್ಟ ಹಾಗೆ ಕಾಣುತ್ತದೆ. ಎರಡೂ ಕಾಲ ಹಾಕಿ. ಪಕ್ಕವಾದ್ಯ ಅಂತ ಬರೆದು ಮೂರು ತನಿ ಕೃತಿ ಕಳಿಸಿದರೂ ಹಾಗೇ. ಗೆಳತಿ ಹಾಡುವುದಕ್ಕೆ ಜೊತೆಯಾಗಿ ಬಾರಿಸಿದ ಒಂದು ಸಣ್ಣ ತುಣುಕಾದರೂ ಇರಲಿ.

ಕೊನೆಯಲ್ಲಿ ನಿಮ್ಮ ಗುರುಗಳಿಗೆ ಓದಿ ಹೇಳಿ. "ಚೆನ್ನಾಗಿದೆಯಾ ಮೇಷ್ಟ್ರೇ?" ಅಂತ ಕೇಳಿದರೆ ಚೆನ್ನಾಗಿದೆ ಅಂದುಬಿಡುತ್ತಾರೆ. "ಇದರಲ್ಲಿ ನನ್ನ ಕೈಲಿ ಆಗದ್ದು ಯಾವುದಾದರೂ ಇದೆಯಾ?" ಅಂತ ಕೇಳಿ. "ಮೂರು ನಾಲ್ಕು ನಿಮಿಷ ಆಲಾಪನೆ ಅಂತ ಬರೆದಿದ್ದೀಯಲ್ಲಮ್ಮ, ಮೋಹನ ಎರಡು ನಿಮಿಷಕ್ಕೇ ಮುಗಿಯುತ್ತೆ ನಿಂದು" ಅಂದರೆ ಎರಡು ಅಂತ ತಿದ್ದಿ. ಕಳಿಸಿದ ಪ್ರತಿಯನ್ನು ಇಟ್ಟುಕೊಂಡಿರಿ. ಅರ್ಜಿಗೂ ಸಂದರ್ಶನಕ್ಕೂ ನಡುವೆ ಎಷ್ಟೋ ಸಲ ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ಅಭ್ಯಾಸ ಬದಲಾಗಿರುತ್ತದೆ. "ಆಗ ಹೀಗೆ ಬರೆದಿದ್ದೆ, ಈಗ ಭೈರವಿ ಎರಡನೇ ಕಾಲ ಕೂತಿದೆ, ತೋಡಿ ಶುರು ಮಾಡಿದ್ದೇನೆ" ಅಂತ ಹೇಳಬೇಕಾದರೆ, ಆಗ ಏನು ಬರೆದಿದ್ದಿರಿ ಅನ್ನುವುದು ನೆನಪಿರಬೇಕು.